ಹೂಮಳೆ ಎಷ್ಟು ಸೆಂಟು? ರಿಗ್ರೆಶನ್‌ಗೆ ಮುಂಚಿನ ಒಂದು ಪುಟ

ಅಣ್ಣನ ಮಗಳು ಎಂಎಸ್ಸಿ ಪ್ರಾಜೆಕ್ಟ್‌ಗೆ ಹಿಡಿದದ್ದು ನಮ್ಮ ಕೊಡಗಿನ ಹಳೇ ಪ್ರಶ್ನೆ: ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಹೆಚ್ಚು ಬಿದ್ದರೆ ರೊಬಸ್ಟಾ ಕಾಫಿಯ ಇಳುವರಿ ಎಷ್ಟು ಹೆಚ್ಚುತ್ತದೆ? ತೋಟ ತೋಟ ತಿರುಗಿ ಮಳೆ ಪುಸ್ತಕ ನೋಡಿ ಅಂಕಿ ತಂದಳು, ಕಂಪ್ಯೂಟರಿನಲ್ಲಿ R ಎಂಬ ಸಾಫ್ಟ್‌ವೇರ್ ಹಿಡಿದು ರಿಗ್ರೆಶನ್, ಅಂದರೆ ಒಂದು ಹೆಚ್ಚಿದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಅಂದಾಜಿನ ಲೆಕ್ಕ, ಓಡಿಸಿದಳು. ಮೂರು ತಿಂಗಳು ಬಿಟ್ಟು ಅದೇ ಫೈಲ್ ತೆರೆದಾಗ ಅವಳಿಗೇ ಅದು ಅರ್ಥವಾಗಲಿಲ್ಲ. ‘ಚಿಕ್ಕಪ್ಪ, ಈ male ಅನ್ನೋ ಕಾಲಂ ಇಂಚಾ, ಮಿಲಿಮೀಟರಾ?’ ಎಂದು ಫೋನು ಮಾಡಿದಳು. ತಾನೇ ಮಾಡಿದ ಲೆಕ್ಕವನ್ನು ತಾನೇ ಮತ್ತೆ ಮಾಡಲಾಗದಿದ್ದರೆ ಬೇರೆಯವರು ಮಾಡುವುದೆಲ್ಲಿಂದ ಬಂತು? ಇಬ್ಬರೂ ಕೂತು ಯಾವ ಕಾಲಂ ಏನು, ಯಾವ ಯೂನಿಟ್‌ನಲ್ಲಿ ಎಂದು ಹೇಳುವ ಒಂದು ಪುಟ ಬರೆದೆವು. ಅದಕ್ಕೆ ಕೋಡ್‌ಬುಕ್ ಎನ್ನುತ್ತಾರೆ. ಅದನ್ನು ಬರೆದ ಕ್ರಮ ಇಲ್ಲಿದೆ.

ಮೊದಲು ಇಳುವರಿ

‘ಎಕರೆಗೆ ಎಷ್ಟು ಬಂತು?’ ಎಂದರೆ ತೋಟದಲ್ಲಿ ಉತ್ತರ ಮೂಟೆಯಲ್ಲಿ ಬರುತ್ತದೆ. ಮೂಟೆ 50 ಕಿಲೋ, ಸರಿ. ಆದರೆ ಒಣಗಿದ ಚೆರಿಯ 50 ಕಿಲೋವೋ, ಸಿಪ್ಪೆ ತೆಗೆದ ಬೇಳೆಯದೋ? ರೊಬಸ್ಟಾ ಚೆರಿಯ ಒಂದು ಮೂಟೆಯಿಂದ ಬೇಳೆ ಸಿಗುವುದು ಸುಮಾರು ಅರ್ಧ ಮಾತ್ರ. ವ್ಯಾಪಾರಿಗಳು ಔಟ್‌ಟರ್ನ್ ನೋಡುವುದೂ ಅದಕ್ಕೇ. ಆದ್ದರಿಂದ ಕೋಡ್‌ಬುಕ್ಕಿನ ಮೊದಲ ಸಾಲು ಹೀಗಾಯಿತು: ‘ilu: ಎಕರೆಗೆ ಒಣ ರೊಬಸ್ಟಾ ಚೆರಿ, ಕಿಲೋದಲ್ಲಿ. ಮೂಟೆಯನ್ನು 50ರಿಂದ ಗುಣಿಸಿದೆ. ಅರೇಬಿಕಾ ಸೇರಿಸಿಲ್ಲ.’

ಎಕರೆಯೂ ಅಷ್ಟು ಸುಲಭದ್ದಲ್ಲ. ಆರ್‌ಟಿಸಿಯಲ್ಲಿರುವ ಜಾಗದಲ್ಲಿ ಗದ್ದೆಯೂ ಇರುತ್ತದೆ, ಕಾಫಿ ಹಾಕದ ಬಾಣೆಯೂ ಇರುತ್ತದೆ, ಇನ್ನೂ ಫಸಲಿಗೆ ಬಾರದ ಹೊಸ ಗಿಡಗಳೂ ಇರುತ್ತವೆ. ಫಸಲು ಕೊಡುವ ಕಾಫಿಯ ಎಕರೆ ಮಾತ್ರ ಎಂದು ನಾವು ನಿರ್ಧರಿಸಿದೆವು, ಹಾಗೆಂದು ಬರೆದೂ ಇಟ್ಟೆವು.

ಸೆಂಟಿನ ಗೊಂದಲ

ನಮ್ಮಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತೇವೆ. 100 ಸೆಂಟು ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಜಾಗವನ್ನೂ ಸೆಂಟಿನಲ್ಲೇ ಹೇಳುತ್ತೇವೆ. ಎರಡನ್ನೂ ಒಂದೇ ಫೈಲಿನಲ್ಲಿ ‘cent’ ಎಂದು ಬರೆದರೆ ಹೊರಗಿನವರು ಏನು ತಿಳಿಯಬೇಕು?

ಇದಕ್ಕಿಂತ ಕೆಟ್ಟ ತಪ್ಪು ಟೈಪು ಮಾಡುವಾಗ ಆಗಿತ್ತು. ತೋಟದ ರೈಟರ್ ಪುಸ್ತಕದಲ್ಲಿ ‘1-5’ ಎಂದು ಬರೆದಿದ್ದರು. ಅದು ಒಂದು ಇಂಚು ಐದು ಸೆಂಟು, ಅಂದರೆ 1.05 ಇಂಚು, 26.67 ಮಿಮೀ. ಹುಡುಗಿ ಅದನ್ನು 1.5 ಎಂದು ಟೈಪು ಮಾಡಿದ್ದಳು. ಆಗ ಅದು 38.1 ಮಿಮೀ ಆಗುತ್ತದೆ. ಒಂದು ಅಡ್ಡಗೆರೆಯಿಂದ ಹನ್ನೊಂದು ಮಿಲಿಮೀಟರಿಗಿಂತ ಹೆಚ್ಚು ಸುಳ್ಳು ಮಳೆ. ಇಂಚಿಗೆ ಒಂದು ಕಾಲಂ, ಸೆಂಟಿಗೆ ಇನ್ನೊಂದು ಕಾಲಂ ಮಾಡಿ ಇದ್ದದ್ದು ಇದ್ದ ಹಾಗೆ ತುಂಬುವುದೇ ಒಳ್ಳೆಯದು. ಮಿಲಿಮೀಟರ್ ಮಾಡುವ ಕೆಲಸ ಕಂಪ್ಯೂಟರಿನದು:

```r
d$male_mm <- (d$inch + d$cent/100) * 25.4
```

ಯೂನಿಟ್ ಬದಲಾದರೆ ಉತ್ತರವೂ ಬದಲಾದಂತೆ ಕಾಣುತ್ತದೆ. ಇಂಚಿಗೆ 4 ಕಿಲೋ ಹೆಚ್ಚುತ್ತದೆ ಎಂದು ಬಂದರೆ (ಇದು ಲೆಕ್ಕ ತೋರಿಸಲು ಹಿಡಿದ ಅಂಕಿ), ಅದೇ ಫಲಿತಾಂಶ ಮಿಮೀಗೆ 0.157, ಸೆಂಟಿಗೆ 0.04. ಯೂನಿಟ್ ಬರೆಯದೆ 0.04 ಎಂದಷ್ಟೇ ಅಚ್ಚು ಹಾಕಿದರೆ ‘ಮಳೆಯಿಂದ ಏನೂ ಇಲ್ಲ’ ಎಂದು ಓದುವವರೇ ಹೆಚ್ಚು.

ಮಳೆ ಬರೆಯದ ದಿನ, ಮಳೆ ಬಾರದ ದಿನ ಎರಡೂ ಬೇರೆ ಬೇರೆ. ಮೊದಲನೆಯದು `NA`, ಎರಡನೆಯದು 0. ಖಾಲಿಗೆ 999 ಹಾಕುವ ಅಭ್ಯಾಸ ಕೆಲವರಿಗಿದೆ. ತೆಗೆಯಲು ಮರೆತರೆ ಒಂದೇ ದಿನ 999 ಮಿಮೀ ಮಳೆ ಬಿದ್ದಂತಾಯಿತು.

ಯಾವ ವರ್ಷದ ಮಳೆ?

ಪ್ರಾಜೆಕ್ಟೇ ಕೆಡುತ್ತಿದ್ದದ್ದು ಇಲ್ಲಿ. ರೊಬಸ್ಟಾ ಕುಯ್ಲು ಜನವರಿ ಹೊತ್ತಿಗೆ ಜೋರಾಗುತ್ತದೆ, ಹೂಮಳೆ ಅದಾದ ಮೇಲೆ ಬರುತ್ತದೆ. 2024ರ ಜನವರಿಯಲ್ಲಿ ಕುಯ್ದ ಹಣ್ಣು 2023ರ ಬೇಸಿಗೆ ಮಳೆಯ ಹೂವಿನದು. ಫೈಲಿನಲ್ಲಿ ‘ವರ್ಷ’ ಎಂಬ ಒಂದೇ ಕಾಲಂ ಇದ್ದದ್ದರಿಂದ 2024ರ ಇಳುವರಿಯ ಪಕ್ಕ 2024ರ ಮಾರ್ಚ್ ಮಳೆ ಕೂತಿತ್ತು. ಕುಯ್ಲು ಮುಗಿದ ಮೇಲೆ ಬಿದ್ದ ಮಳೆ ಆ ಫಸಲಿಗೆ ಏನು ಮಾಡೀತು? ಮಳೆಯ ಕೋಎಫಿಶಿಯೆಂಟ್, ಅಂದರೆ ಮಳೆ ಒಂದಳತೆ ಹೆಚ್ಚಿದರೆ ಇಳುವರಿ ಎಷ್ಟು ಬದಲಾಗುತ್ತದೆ ಎಂಬ ಅಂಕಿ, ಸೊನ್ನೆಯ ಹತ್ತಿರ ಬಂದಾಗಲೇ ನನಗೆ ಅನುಮಾನ ಬಂದದ್ದು. ಈಗ `hoo_varsha`, `kuylu_varsha` ಎಂದು ಎರಡು ಕಾಲಂ ಇವೆ. ಹೂಮಳೆ ಎಂದರೆ ಹೂ ವರ್ಷದ ಫೆಬ್ರವರಿ 15ರಿಂದ ಮಾರ್ಚ್ 31ರವರೆಗಿನ ಒಟ್ಟು ಮಳೆ ಎಂದು ಹಿಡಿದೆವು. ಬೇರೆಯವರು ಏಪ್ರಿಲ್ ಸೇರಿಸಬಹುದು, ತಕರಾರಿಲ್ಲ, ತಾರೀಖು ಬರೆದಿದ್ದರಾಯಿತು.

ಸ್ಪ್ರಿಂಕ್ಲರಿನದೂ ಇಂಥದ್ದೇ ಪ್ರಶ್ನೆ. ಪೈಪು, ಪಂಪು ಶೆಡ್ಡಿನಲ್ಲಿದ್ದರೆ 1 ಎನ್ನಬೇಕೋ, ಆ ವರ್ಷ ಹೂವಿಗೆ ನೀರು ಹೊಡೆದಿದ್ದರೆ 1 ಎನ್ನಬೇಕೋ? ನಮ್ಮಲ್ಲಿ ಎರಡನೆಯದು 1, ಉಳಿದದ್ದೆಲ್ಲ 0.

ತಾಲ್ಲೂಕು: ಯಾರ ಜೊತೆ ಹೋಲಿಕೆ?

ತಾಲ್ಲೂಕುಗಳಿಗೆ 1, 2, 3 ಎಂದು ನಂಬರು ಕೊಟ್ಟು ಹಾಗೇ ಬಿಟ್ಟರೆ ಕಂಪ್ಯೂಟರು ಅದನ್ನು ಅಳತೆ ಎಂದುಕೊಳ್ಳುತ್ತದೆ. 3ನೇ ತಾಲ್ಲೂಕು 1ನೆಯದರ ಮೂರು ಪಟ್ಟು! ಹೀಗಾಗಿದೆಯೇ ಎಂದು ಹಿಡಿಯುವುದು ಸುಲಭ. ಐದು ತಾಲ್ಲೂಕು ಇದ್ದರೆ ಫಲಿತಾಂಶದಲ್ಲಿ ನಾಲ್ಕು ಸಾಲು ಬರಬೇಕು. ಒಂದೇ ಬಂದಿದ್ದರೆ ನಂಬರಾಗಿ ಹೋಗಿದೆ. ಐದು ಬಂದಿದ್ದರೆ ಎಲ್ಲೋ Virajpet, Virajapet ಎಂದು ಎರಡು ಸ್ಪೆಲಿಂಗ್ ಇದೆ. ಹಳೇ ಪುಸ್ತಕಗಳಲ್ಲಿ ಪೊನ್ನಂಪೇಟೆ ವಿರಾಜಪೇಟೆಯೊಳಗೆ, ಕುಶಾಲನಗರ ಸೋಮವಾರಪೇಟೆಯೊಳಗೆ ಇತ್ತು. ಐದು ತಾಲ್ಲೂಕೋ ಹಳೆಯ ಮೂರೋ, ಒಂದನ್ನು ಆರಿಸಿ ಎಲ್ಲ ವರ್ಷಕ್ಕೂ ಅದನ್ನೇ ಹಾಕಬೇಕು. ನಾವು ಮೂರು ಹಿಡಿದೆವು, ಆದ್ದರಿಂದ ನಮಗೆ ಬರಬೇಕಾದದ್ದು ಎರಡು ಸಾಲು.

ಮೂರಕ್ಕೆ ಎರಡೇ ಸಾಲು ಏಕೆ? ಒಂದು ತಾಲ್ಲೂಕು ಹೋಲಿಕೆಯ ಆಧಾರವಾಗಿ ಸುಮ್ಮನೆ ಹಿಂದೆ ನಿಲ್ಲುತ್ತದೆ. ಅದೇ ಆಧಾರ ಗುಂಪು. ನೀವು ಹೇಳದಿದ್ದರೆ R ಅಕ್ಷರಮಾಲೆಯಲ್ಲಿ ಮೊದಲು ಬರುವ ಮಡಿಕೇರಿಯನ್ನು ಹಿಡಿಯುತ್ತದೆ. ಹೇಳುವುದು ಹೀಗೆ, ಇಲ್ಲಿ ತೋಟಕ್ಕೆ ವರ್ಷಕ್ಕೊಂದೇ ಸಾಲು, `male_mm` ಎಂದರೆ ಆ ಹೂ ವರ್ಷದ ಒಟ್ಟು ಹೂಮಳೆ:

```r
d$taluk <- relevel(factor(d$taluk), ref = "Virajpet")
summary(lm(ilu ~ male_mm + sprinkler + taluk, data = d))
```

ವಿರಾಜಪೇಟೆ ಆಧಾರವಾಗಿ ಮಡಿಕೇರಿಗೆ −60, ಸೋಮವಾರಪೇಟೆಗೆ −90 ಬಂತು ಎಂದುಕೊಳ್ಳಿ (ಇವೂ ಲೆಕ್ಕಕ್ಕೆ ಹಿಡಿದ ಅಂಕಿಗಳೇ). ಆಧಾರವನ್ನು ಸೋಮವಾರಪೇಟೆಗೆ ಬದಲಿಸಿದರೆ ವಿರಾಜಪೇಟೆ +90, ಮಡಿಕೇರಿ +30. ಮಡಿಕೇರಿಯ ಮೈನಸ್ ಪ್ಲಸ್ ಆಯಿತು, ಆದರೆ ಯಾವ ತೋಟದ ಅಂದಾಜು ಇಳುವರಿಯೂ ಒಂದು ಕಿಲೋ ಕೂಡ ಬದಲಾಗಲಿಲ್ಲ. ಇಂಟರ್‌ಸೆಪ್ಟ್ ಮಾತ್ರ 90 ಇಳಿಯುತ್ತದೆ, ಏಕೆಂದರೆ ಅದು ಆಧಾರ ತಾಲ್ಲೂಕಿನಲ್ಲಿ ಸೊನ್ನೆ ಮಳೆಗೆ, ಸ್ಪ್ರಿಂಕ್ಲರ್ ಹೊಡೆಯದ ತೋಟದ ಅಂಕಿ. ಆಧಾರ ಯಾವುದೆಂದು ಬರೆಯದಿದ್ದರೆ ‘ಮಡಿಕೇರಿ −60’ ಎಂಬುದಕ್ಕೆ ಅರ್ಥವೇ ಇಲ್ಲ. ಹೆಚ್ಚು ತೋಟಗಳಿರುವ ತಾಲ್ಲೂಕನ್ನೇ ಆಧಾರ ಮಾಡಿ. ಮೂರೇ ತೋಟಗಳಿರುವುದನ್ನು ಮಾಡಿದರೆ ಅದರ ಅಲುಗಾಟ ಎಲ್ಲ ಹೋಲಿಕೆಗಳಿಗೂ ಅಂಟಿಕೊಂಡು ಸ್ಟ್ಯಾಂಡರ್ಡ್ ಎರರ್ ಉಬ್ಬುತ್ತದೆ.

ಕೊನೆಗೆ ಪರೀಕ್ಷೆ

ಪುಟ ಮುಗಿದ ಮೇಲೆ ಅದನ್ನೂ ಒಂದು ಮಳೆ ಪುಸ್ತಕವನ್ನೂ ಅವಳ ತಮ್ಮನಿಗೆ ಕೊಟ್ಟೆವು. ಬಾಯಲ್ಲಿ ಏನೂ ಹೇಳಲಿಲ್ಲ. ಇಪ್ಪತ್ತು ಸಾಲು ತುಂಬಿದ, ಮೂರು ಅಕ್ಕನದರ ಜೊತೆ ತಾಳೆಯಾಗಲಿಲ್ಲ. ಮೂರೂ ರಾತ್ರಿ ಬಿದ್ದ ಮಳೆಗಳು. ರೈಟರ್ ಬೆಳಿಗ್ಗೆ ಅಳೆದು ಆ ಬೆಳಗಿನ ತಾರೀಖು ಹಾಕಿದ್ದರು, ಹುಡುಗ ಹಿಂದಿನ ದಿನಕ್ಕೆ ಸೇರಿಸಿದ್ದ. ಅದರಲ್ಲೊಂದು ಮಾರ್ಚ್ 31ರ ರಾತ್ರಿಯದು. ಒಬ್ಬರ ಲೆಕ್ಕದಲ್ಲಿ ಹೂಮಳೆಯ ಒಳಗೆ, ಇನ್ನೊಬ್ಬರದರಲ್ಲಿ ಹೊರಗೆ. ಕೋಡ್‌ಬುಕ್ಕಿಗೆ ಒಂದು ಸಾಲು ಸೇರಿತು: ‘ತಾರೀಖು ಎಂದರೆ ಅಳೆದ ಬೆಳಗಿನ ತಾರೀಖು.’