ಇಲ್ಲದ ಹೆಡ್‌ಫೋನನ್ನು ಇದೆಯೆಂದುಕೊಂಡ ಫೋನ್: ಜ್ಯಾಕ್‌ನಿಂದ ಜುಂಗು ತೆಗೆದ ನನ್ನ ಅನುಭವ

ಬೆಳಿಗ್ಗೆ ಅಕ್ಕನ ಕರೆ ಬಂತು. ರಿಂಗ್ ಜೋರಾಗಿಯೇ ಕೇಳಿಸಿತು. ಕರೆ ಸ್ವೀಕರಿಸಿ ಕಿವಿಗಿಟ್ಟರೆ ಆ ಕಡೆಯಿಂದ ಸದ್ದೇ ಇಲ್ಲ. ನಾಲ್ಕು ಸಲ ‘ಹಲೋ’ ಎಂದು ಕರೆ ಕತ್ತರಿಸಿದೆ. ಕೂಡಲೇ ಅವಳ ಸಂದೇಶ ಬಂತು: ‘ನೀನು ಮಾತಾಡಿದ್ದೆಲ್ಲ ನನಗೆ ಕೇಳಿಸಿತು. ನಾನು ಅಷ್ಟು ಕೂಗಿದರೂ ನಿನಗೇಕೆ ಕೇಳಿಸಲಿಲ್ಲ?’

ಸ್ಪೀಕರ್ ಸುಟ್ಟುಹೋಗಿದೆ ಎಂದೇ ಮೊದಲು ಭಾವಿಸಿದೆ. ಆದರೆ ರಿಂಗ್ ಆಗಿತ್ತು, ಅಲಾರಂ ಕೂಡ ಬಡಿದಿತ್ತು. ಹಾಡು ಹಾಕಿದರೆ ಮಾತ್ರ ಮೌನ. ಕರೆಯ ನಡುವೆ ಸ್ಪೀಕರ್ ಗುಂಡಿ ಒತ್ತಿದರೆ ಧ್ವನಿ ಬರುತ್ತಿತ್ತು. ಪರದೆಯ ಮೇಲಂಚಿನಲ್ಲಿ ಹೆಡ್‌ಫೋನಿನ ಪುಟ್ಟ ಚಿಹ್ನೆ ಕಂಡಾಗ ವಿಷಯ ಅರ್ಥವಾಯಿತು. ಆಂಡ್ರಾಯ್ಡ್ ಫೋನ್‌ಗಳಲ್ಲಿ ಹೆಡ್‌ಫೋನ್ ಚುಚ್ಚಿದ್ದರೂ ರಿಂಗ್ ಮತ್ತು ಅಲಾರಂ ಸ್ಪೀಕರಿನಲ್ಲಿಯೂ ಮೊಳಗುತ್ತವೆ. ಹಾಡು ಮತ್ತು ಕರೆಯ ಧ್ವನಿ ಮಾತ್ರ ಹೆಡ್‌ಫೋನಿಗೆ ಹೋಗುತ್ತವೆ. ಹಾಗಾಗಿ ರಿಂಗ್ ಇದ್ದು ಹಾಡಿಲ್ಲ ಎಂದಾದರೆ ಸ್ಪೀಕರ್ ಕೆಟ್ಟಿಲ್ಲ, ಧ್ವನಿ ದಾರಿ ತಪ್ಪಿದೆ ಎಂದೇ ತಿಳಿಯಬೇಕು.

ಬ್ಲೂಟೂತ್ ಆಫ್ ಮಾಡಿದೆ. ಫೋನನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಚಿಹ್ನೆ ಹೋಗಲಿಲ್ಲ. ಸೇಫ್ ಮೋಡ್‌ನಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಯಾವುವೂ ಕೆಲಸ ಮಾಡುವುದಿಲ್ಲ, ಅಲ್ಲಿಯೂ ಅದು ಹಾಗೆಯೇ ಇತ್ತು. ಇನ್ನು ನೋಡಬೇಕಾದದ್ದು ಇಯರ್‌ಫೋನ್ ಪಿನ್ ಚುಚ್ಚುವ ಜ್ಯಾಕ್ ರಂಧ್ರದ ಒಳಗನ್ನು.

ಈ ರಂಧ್ರದೊಳಗೆ ಏನಿರುತ್ತದೆ ಎಂದು ತಿಳಿದರೆ ಮುಂದಿನ ಕೆಲಸವೆಲ್ಲ ಸುಲಭ. ಗೋಡೆಯುದ್ದಕ್ಕೂ ತೆಳುವಾದ ಲೋಹದ ನಾಲಗೆಗಳಿರುತ್ತವೆ, ಒಂದೊಂದೂ ಸ್ಪ್ರಿಂಗಿನಂತೆ ಬಾಗುತ್ತದೆ. ಇಯರ್‌ಫೋನ್ ಪಿನ್ನಿನ ಎಡ ಧ್ವನಿ, ಬಲ ಧ್ವನಿ, ನೆಲತಂತಿ ಮತ್ತು ಮೈಕಿನ ಭಾಗಗಳಿಗೆ ಒಂದೊಂದು ನಾಲಗೆ. ಇವುಗಳ ಜೊತೆಗೆ ಪಿನ್ ಬಂದಿದೆಯೇ ಎಂದು ನೋಡುವುದಕ್ಕಾಗಿಯೇ ಇನ್ನೊಂದು ಇರುತ್ತದೆ. ಕೆಲವು ವಿನ್ಯಾಸಗಳಲ್ಲಿ ಈ ಕಾವಲು ನಾಲಗೆ ಸುಮ್ಮನೆ ಒಂಟಿಯಾಗಿ ನಿಂತಿರುತ್ತದೆ. ಪಿನ್ನಿನ ಲೋಹ ಅದನ್ನೂ ಪಕ್ಕದ ನಾಲಗೆಯನ್ನೂ ಒಟ್ಟಿಗೆ ಮುಟ್ಟಿದಾಗ ಅದರ ವೋಲ್ಟೇಜ್ ಕುಸಿಯುತ್ತದೆ, ಫೋನ್ ಅದನ್ನೇ ಗುರುತಾಗಿ ಹಿಡಿಯುತ್ತದೆ. ಇನ್ನು ಕೆಲವು ವಿನ್ಯಾಸಗಳಲ್ಲಿ ಎರಡು ನಾಲಗೆಗಳು ಮೊದಲೇ ಒಂದಕ್ಕೊಂದು ತಾಗಿರುತ್ತವೆ, ಪಿನ್ ಒಳಬಂದು ಅವುಗಳನ್ನು ಬೇರ್ಪಡಿಸುತ್ತದೆ.

ಕಸ ಈ ಎರಡನ್ನೂ ಕೆಡಿಸುತ್ತದೆ, ಆದರೆ ಬೇರೆ ಬೇರೆ ರೀತಿಯಲ್ಲಿ. ಎರಡನೆಯ ವಿನ್ಯಾಸದಲ್ಲಿ ಬಟ್ಟೆಯ ಒಣ ಜುಂಗು ಸಾಕು, ನಾಲಗೆಗಳ ನಡುವೆ ತುರುಕಿಕೊಂಡು ಪಿನ್ನಿನಂತೆಯೇ ಅವುಗಳನ್ನು ದೂರ ತಳ್ಳುತ್ತದೆ. ಮೊದಲನೆಯದರಲ್ಲಿ ಒಣ ಜುಂಗಿನಿಂದ ಏನೂ ಆಗುವುದಿಲ್ಲ, ಏಕೆಂದರೆ ಅದರಲ್ಲಿ ವಿದ್ಯುತ್ ಹರಿಯದು. ಬೆವರು ತಾಗಿದ ಜುಂಗಿನ ಕತೆ ಬೇರೆ. ಬೆವರಿನ ಉಪ್ಪು ಮತ್ತು ತೇವ ಸೇರಿದರೆ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಕಾವಲು ನಾಲಗೆಗೆ ವೋಲ್ಟೇಜ್ ಕೊಡುವುದು ದೊಡ್ಡ ರೋಧಕದ ಮೂಲಕವಾದ್ದರಿಂದ ಆ ಸಣ್ಣ ಸೋರಿಕೆಯೇ ಅದನ್ನು ಕೆಳಗಿಳಿಸಲು ಸಾಕಾಗುತ್ತದೆ. ಚಿಹ್ನೆ ಸದಾ ಇದ್ದರೆ ತುರುಕಿಕೊಂಡ ಕಸದ ಮೇಲೆ ಅನುಮಾನಪಡಬೇಕು, ಬಂದು ಹೋಗುತ್ತಿದ್ದರೆ ತೇವದ ಮೇಲೆ. ನನ್ನ ಫೋನಿನಲ್ಲಿ ಎರಡೂ ಇದ್ದವು. ಅದು ತಿಳಿಯಲು ಎರಡು ದಿನ ಹಿಡಿಯಿತು.

ಮೊದಲು ಮಾಡಿದ್ದು ತಪ್ಪು ಕೆಲಸ: ರಂಧ್ರಕ್ಕೆ ಬಾಯಿಂದ ಜೋರಾಗಿ ಊದಿದೆ. ಒಂದೆರಡು ನಿಮಿಷಕ್ಕೆ ಚಿಹ್ನೆ ಬದಲಾಗಿ ಮೈಕ್ ಇರುವ ಹೆಡ್‌ಸೆಟ್ಟಿನದಾಯಿತು. ಹಾಡು ತಾನಾಗಿ ಶುರುವಾಗುವುದು, ತಾನಾಗಿ ನಿಲ್ಲುವುದು ನಡೆಯಿತು. ಅಕ್ಕನಿಗೆ ಕರೆ ಮಾಡಿದರೆ ಈಗ ಅವಳಿಗೂ ನನ್ನ ಮಾತು ಕೇಳಿಸುತ್ತಿಲ್ಲ. ಉಸಿರಿನ ತೇವದಿಂದ ಮೈಕಿನ ನಾಲಗೆಗೂ ಸೋರಿಕೆ ಹಬ್ಬಿತ್ತು. ಹೆಡ್‌ಸೆಟ್ಟಿನ ಗುಂಡಿಗಳು ಕೆಲಸ ಮಾಡುವುದೇ ಮೈಕ್ ಮತ್ತು ನೆಲತಂತಿಯ ನಡುವಿನ ರೋಧವನ್ನು ಬದಲಿಸಿ. ಆಂಡ್ರಾಯ್ಡ್ ನಿಯಮದಲ್ಲಿ 70 ಓಮ್‌ಗಿಂತ ಕಡಿಮೆಯಾದರೆ ಹಾಡು ಶುರು ಅಥವಾ ನಿಲುಗಡೆ, 210ರಿಂದ 290 ಓಮ್ ಇದ್ದರೆ ಧ್ವನಿ ಏರಿಕೆ, 360ರಿಂದ 680 ಇದ್ದರೆ ಇಳಿಕೆ. ರಂಧ್ರದೊಳಗಿನ ಸಂಪರ್ಕ ಹೊಯ್ದಾಡುತ್ತಿದ್ದರೆ ಯಾರೋ ಗುಂಡಿ ಒತ್ತುತ್ತಿದ್ದಾರೆ ಎಂದು ಫೋನ್ ತಿಳಿಯುವುದು ಸಹಜ.

ಆಮೇಲೆ ಇಯರ್‌ಫೋನ್ ಪಿನ್ನನ್ನು ಚುಚ್ಚಿ ನೋಡಿದೆ. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಪಿನ್ ಪೂರ್ತಿ ಒಳಹೋದರೆ ಅದರ ಪ್ಲಾಸ್ಟಿಕ್ ಭುಜ ಫೋನಿನ ಅಂಚಿಗೆ ಒರಗುತ್ತದೆ, ‘ಟಕ್’ ಎಂದು ಕೂತದ್ದು ಬೆರಳಿಗೆ ತಿಳಿಯುತ್ತದೆ. ಇಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಬೆಳ್ಳಗೆ ಹೊರಗುಳಿದಿತ್ತು, ಒತ್ತಿದರೆ ಮೆತ್ತೆಯ ಮೇಲೆ ಒತ್ತಿದಂತಾಗುತ್ತಿತ್ತು. ಎಂದರೆ ತಳದಲ್ಲಿ ಕಸ ಗಟ್ಟಿಯಾಗಿ ಕೂತಿದೆ. ಅದನ್ನು ಗಟ್ಟಿ ಮಾಡಿದ್ದೂ ಇದೇ ಪಿನ್. ಜೇಬಿನ ಬಟ್ಟೆಯ ಎಳೆಗಳು ರಂಧ್ರದ ಬಾಯಲ್ಲಿ ಸಡಿಲವಾಗಿ ಕೂತಿರುತ್ತವೆ. ಪ್ರತಿ ಸಲ ಚುಚ್ಚುವಾಗಲೂ ಪಿನ್ ಅವುಗಳನ್ನು ತಳಕ್ಕೆ ದಮ್ಮಸು ಮಾಡುತ್ತದೆ.

ಫೋನನ್ನು ಪೂರ್ತಿ ಆಫ್ ಮಾಡಿದೆ. ಟಾರ್ಚನ್ನು ನೇರವಾಗಿ ಹಿಡಿದಾಗ ಲೋಹದ ಹೊಳಪಷ್ಟೇ ಕಂಡಿತು, ತುಸು ಓರೆಯಾಗಿ ಹಿಡಿದಾಗ ತಳದಲ್ಲಿ ಬೂದು ಬಣ್ಣದ ಉಣ್ಣೆಯಂಥದ್ದು ಕಂಡಿತು. ನಾಲಗೆಗಳು ಯಾವ ಕಡೆಯ ಗೋಡೆಯಲ್ಲಿವೆ ಎಂಬುದನ್ನು ಆಗಲೇ ನೋಡಿಕೊಂಡೆ. ಕಡ್ಡಿ ಇಳಿಯಬೇಕಾದದ್ದು ಅವುಗಳಿಲ್ಲದ ಗೋಡೆಯ ಉದ್ದಕ್ಕೆ.

ಸೂಜಿ, ಗುಂಡುಪಿನ್ನು, ಕ್ಲಿಪ್ಪಿನ ತಂತಿ ಕೈಗೆ ಸುಲಭವಾಗಿ ಸಿಗುತ್ತವೆ, ಆದರೆ ನಾನು ಅವುಗಳನ್ನು ಮುಟ್ಟಲಿಲ್ಲ. ನಾಲಗೆಯನ್ನು ಒಂದು ಸಲ ಬಗ್ಗಿಸಿದರೆ ಅದು ಮತ್ತೆ ಸರಿಯಾಗಿ ನಿಲ್ಲುವುದಿಲ್ಲ, ಮೇಲಿನ ಲೇಪ ಗೀಚಿಹೋದರೆ ಅಲ್ಲಿಂದ ಕಿಲುಬು ಶುರುವಾಗುತ್ತದೆ. ಮರದ ಹಲ್ಲುಕಡ್ಡಿ ಸಾಕು. ಅದರ ಚೂಪು ತುದಿಯನ್ನು ಮುರಿದು, ಉಳಿದದ್ದನ್ನು ಬ್ಲೇಡಿನಿಂದ ಹೆರೆದು ಚಪ್ಪಟೆ ಮಾಡಿದೆ. ಮುಖ್ಯವಾದದ್ದು ಇದು: ಪಿನ್ನಿನ ಲೋಹದ ಉದ್ದ ಸುಮಾರು 14 ಮಿಲಿಮೀಟರ್. ಕಡ್ಡಿಯನ್ನು ಅದರ ಪಕ್ಕದಲ್ಲಿಟ್ಟು ಅಷ್ಟೇ ಉದ್ದಕ್ಕೆ ಪೆನ್ನಿನಿಂದ ಗುರುತು ಹಾಕಿದೆ. ಕೆಲವು ಜ್ಯಾಕ್‌ಗಳ ತಳ ಮುಚ್ಚಿರುವುದಿಲ್ಲ, ಗುರುತು ದಾಟಿದರೆ ಕಸ ಫೋನಿನ ಒಳಕ್ಕೇ ಹೋಗಬಹುದು.

ರಂಧ್ರ ಕೆಳಮುಖವಾಗುವಂತೆ ಫೋನನ್ನು ಎತ್ತಿ ಹಿಡಿದು, ಕಡ್ಡಿಯನ್ನು ಗೋಡೆಗೆ ಒರಗಿಸಿ ಮೆಲ್ಲಗೆ ಒಳಗೆ ಬಿಟ್ಟೆ. ಕಸಕ್ಕೆ ತಾಗಿದೊಡನೆ ಒತ್ತುವುದನ್ನು ನಿಲ್ಲಿಸಬೇಕು. ಕಸದ ಪಕ್ಕದಿಂದ ಜಾರಿಸಿ, ಕಾಲು ಸುತ್ತು ತಿರುಗಿಸಿ, ಹೊರಕ್ಕೆ ಎಳೆಯಬೇಕು. ಮೊದಲ ಐದಾರು ಸಲ ಬರಿಯ ಎಳೆಗಳು ಬಂದವು. ಸುಮಾರು ಇಪ್ಪತ್ತು ನಿಮಿಷದ ನಂತರ ತಳದ ಗಟ್ಟಿ ಬಿಲ್ಲೆ ಅಂಚಿನಿಂದ ಎದ್ದಿತು, ಮೂರು ತುಂಡಾಗಿ ಹೊರಬಿತ್ತು. ಒತ್ತಿ ಮಾಡಿದ ಉಣ್ಣೆಯ ಬಟ್ಟೆಯಂತೆ ಬಿಗಿಯಾಗಿತ್ತು, ಒಂದು ಮುಖದಲ್ಲಿ ಪಿನ್ನಿನ ತುದಿಯ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಈಗ ಪಿನ್ ಚುಚ್ಚಿದರೆ ಭುಜ ಅಂಚಿಗೆ ಒರಗಿತು. ಫೋನ್ ಆನ್ ಮಾಡಿದೆ, ಚಿಹ್ನೆ ಇರಲಿಲ್ಲ.

ಆ ಸಂತೋಷ ಅರ್ಧ ದಿನವೂ ಉಳಿಯಲಿಲ್ಲ. ಬಿಸಿಲಿನಲ್ಲಿ ನಡೆದು ಬಂದು, ಬೆವರಿದ ಜೇಬಿನಿಂದ ಫೋನ್ ತೆಗೆದರೆ ಚಿಹ್ನೆ ಮತ್ತೆ ಹಾಜರು. ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟೆ, ಹೋಯಿತು. ಮರುದಿನವೂ ಅದೇ ಆಟ. ಕಸ ಹೋಗಿದ್ದರೂ ಅದರಿಂದ ಗೋಡೆಗೆ ಹತ್ತಿದ ಉಪ್ಪಿನ ತೆಳುಪದರ ಉಳಿದಿತ್ತು. ಒಣಗಿದಾಗ ಅದು ಸುಮ್ಮನಿರುತ್ತದೆ, ತೇವ ಹೀರಿದರೆ ಮತ್ತೆ ಸೇತುವೆಯಾಗುತ್ತದೆ. ಕಡ್ಡಿಯಿಂದ ಅದನ್ನು ತೆಗೆಯಲಾಗದು, ತೊಳೆಯಬೇಕು.

ಅದಕ್ಕೆ ಶೇಕಡಾ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿದೆ. ಕೈ ಶುಚಿ ಮಾಡುವ ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರು ಇರುತ್ತದೆ, ಅಂಟು ಉಳಿಸುವ ಪದಾರ್ಥಗಳೂ ಇರುತ್ತವೆ. ಕಿವಿಗೆ ಬಳಸುವ ಹತ್ತಿಕಡ್ಡಿ 3.5 ಮಿಲಿಮೀಟರಿನ ರಂಧ್ರಕ್ಕೆ ದಪ್ಪವಾಯಿತು. ಹೆರೆದ ಹಲ್ಲುಕಡ್ಡಿಗೆ ಎಳೆ ಬಿಡದ ತೆಳು ಬಟ್ಟೆಯ ಸಣ್ಣ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಬಾಲವನ್ನು ಬೆರಳಿನಲ್ಲಿ ಹಿಡಿದುಕೊಂಡೆ. ಬಟ್ಟೆ ಒಳಗೆ ಬಿಚ್ಚಿಕೊಂಡರೂ ಎಳೆದು ತೆಗೆಯಬಹುದು. ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ತೊಟ್ಟಿಕ್ಕದ ಹದಕ್ಕೆ ತಂದು, ಆಫ್ ಮಾಡಿದ ಫೋನಿನ ರಂಧ್ರದಲ್ಲಿ ಎರಡು ಸುತ್ತು ತಿರುಗಿಸಿ ತೆಗೆದೆ. ಬಟ್ಟೆ ಕಂದುಬಣ್ಣಕ್ಕೆ ತಿರುಗಿತು. ಹೊಸ ಪಟ್ಟಿಯಿಂದ ಮತ್ತೊಮ್ಮೆ ಮಾಡಿದೆ, ಮೂರನೆಯದು ಬೆಳ್ಳಗೇ ಬಂತು. ರಂಧ್ರ ಕೆಳಮುಖವಾಗಿರಿಸಿ ಎರಡು ಗಂಟೆ ಒಣಗಲು ಬಿಟ್ಟು, ಇಯರ್‌ಫೋನ್ ಪಿನ್ನನ್ನೂ ಒರೆಸಿ, ಐದಾರು ಸಲ ಚುಚ್ಚಿ ತೆಗೆದೆ. ನಾಲಗೆಗಳ ಮುಖ ಆ ಉಜ್ಜಾಟದಲ್ಲಿ ಶುಚಿಯಾಗುತ್ತದೆ.

ಅಂದಿನಿಂದ ಬೆವರಿನ ಜೇಬಿನಲ್ಲಿಟ್ಟರೂ ಚಿಹ್ನೆ ಬಂದಿಲ್ಲ. ಇಷ್ಟೆಲ್ಲ ಮಾಡಿ, ಪಿನ್ ಪೂರ್ತಿ ಕೂತು, ಒಣಗಿದ ಮೇಲೂ ಚಿಹ್ನೆ ಕದಲದೇ ಇದ್ದಿದ್ದರೆ ನಾನು ಮುಂದುವರಿಯುತ್ತಿರಲಿಲ್ಲ. ಅಂಥಲ್ಲಿ ನಾಲಗೆ ಬಾಗಿರುತ್ತದೆ ಅಥವಾ ಹಸಿರು ಕಿಲುಬು ಹಿಡಿದಿರುತ್ತದೆ. ಆಗ ಜ್ಯಾಕನ್ನೇ ಬದಲಿಸಬೇಕು. ಕೆಲವು ಫೋನ್‌ಗಳಲ್ಲಿ ಅದು ಸಣ್ಣ ಬೇರೆ ಸರ್ಕ್ಯೂಟ್ ಹಲಗೆಯ ಮೇಲಿರುತ್ತದೆ, ಬದಲಿಸುವುದು ಸುಲಭ. ಮುಖ್ಯ ಹಲಗೆಗೇ ಬೆಸೆದಿದ್ದರೆ ಬೆಸುಗೆ ಬಲ್ಲವರೇ ಬೇಕು.

ಈಗ ಇಯರ್‌ಫೋನ್ ಚುಚ್ಚುವ ಮುನ್ನ ಒಮ್ಮೆ ಟಾರ್ಚ್ ಬಿಟ್ಟು ನೋಡುತ್ತೇನೆ. ಕಳೆದ ತಿಂಗಳು ಬಾಯಿಯ ಹತ್ತಿರವೇ ಒಂದು ನೀಲಿ ಎಳೆ ಸುರುಳಿ ಸುತ್ತಿಕೊಂಡಿತ್ತು. ಪಿನ್ ಅದನ್ನು ತಳಕ್ಕೆ ದೂಡುವ ಮೊದಲೇ ಕಡ್ಡಿಯ ತುದಿಯಿಂದ ಎಳೆದು ತೆಗೆದೆ.