ನಾಲ್ವರ ಸಾಂಬಾರನ್ನು ನಾನೂರು ಮಂದಿಗೆ ಮಾಡುವಾಗ

ಮನೆಯಲ್ಲಿ ನಾಲ್ವರಿಗೆ 100 ಗ್ರಾಂ ತೊಗರಿಬೇಳೆ, ಒಟ್ಟು ಒಂದು ಲೀಟರ್ ನೀರು ಹಾಕುತ್ತೀರಿ ಎಂದುಕೊಳ್ಳಿ. ನಾನೂರು ಜನಕ್ಕೆ ಬೇಳೆ 10 ಕೆಜಿ. ಆ ಲೆಕ್ಕ ಸರಿ. ನೀರನ್ನೂ ನೂರರಿಂದ ಗುಣಿಸಿದರೆ ಮಾತ್ರ ಕೆಟ್ಟಿರಿ. ಸಣ್ಣ ಪಾತ್ರೆಯಲ್ಲಿ ಕುದಿಯುವಾಗ ಕಾಲು ಭಾಗ ನೀರು ಆವಿಯಾಗಿ ಹೋಗುತ್ತದೆ. ಕೊಪ್ಪರಿಗೆಯಲ್ಲಿ ಸಾಂಬಾರು ಆಳ, ಬಾಯಿ ಅದಕ್ಕೆ ತಕ್ಕಷ್ಟು ಅಗಲವಿಲ್ಲ, ಅಷ್ಟು ನೀರು ಇಂಗುವುದಿಲ್ಲ. ನಾನು ಬೇಳೆ ಬೇಯಿಸಿದ ನೀರೂ ಸೇರಿ 75 ಲೀಟರ್‌ಗೆ ನಿಲ್ಲಿಸಿ, ಪಕ್ಕದ ಒಲೆಯಲ್ಲಿ ಒಂದು ಹಂಡೆ ಬಿಸಿನೀರು ಇಟ್ಟುಕೊಳ್ಳುತ್ತೇನೆ. ತೆಳುವಾದ ಸಾಂಬಾರನ್ನು ಗಟ್ಟಿ ಮಾಡುವುದು ಕಷ್ಟ, ಗಟ್ಟಿಯಾದದ್ದಕ್ಕೆ ನೀರು ಬೆರೆಸುವುದು ಸುಲಭ.

ಉಪ್ಪು, ಸಾಂಬಾರ್ ಪುಡಿಗಳನ್ನು ಚಮಚದ ಲೆಕ್ಕದಲ್ಲಿ ಹೆಚ್ಚಿಸಬೇಡಿ. ನಿಮ್ಮ ಕೈಯ ಎರಡು ಚಮಚ ಎಷ್ಟು ಗ್ರಾಂ ಎಂದು ಮೊದಲೇ ಮನೆಯಲ್ಲಿ ತೂಗಿ ನೋಡಿ. ಚಮಚದ ಮೇಲೆ ಗೋಪುರವಾಗಿ ನಿಂತ ಚಿಟಿಕೆ ಪುಡಿ ನಾಲ್ವರಿಗೆ ಗೊತ್ತಾಗುವುದಿಲ್ಲ, ನೂರು ಪಟ್ಟಾದಾಗ ಎಲ್ಲರ ನಾಲಿಗೆಗೂ ಗೊತ್ತಾಗುತ್ತದೆ. ತೂಕ ಮಾಡಿದ್ದರಲ್ಲೂ ಮುಕ್ಕಾಲು ಪಾಲನ್ನಷ್ಟೇ ಮೊದಲು ಹಾಕಿ, ಚೆನ್ನಾಗಿ ಕಲಕಿ, ಕುದಿ ಬಂದ ಮೇಲೆ ಬಟ್ಟಲಿಗೆ ಬಗ್ಗಿಸಿ ಆರಿಸಿ ರುಚಿ ನೋಡಿ. ಸುಡುವ ಸಾಂಬಾರಿನಲ್ಲಿ ಉಪ್ಪಿನ ಹದ ತಿಳಿಯುವುದಿಲ್ಲ. ಒಗ್ಗರಣೆಯ ಎಣ್ಣೆಗೂ ನೂರು ಪಟ್ಟು ಬೇಡ. ಮನೆಯಲ್ಲಿ ಸಾಸಿವೆ ಮುಳುಗುವುದಕ್ಕೇ ಎರಡು ದೊಡ್ಡ ಚಮಚ ಬೇಕು. ಇಲ್ಲಿ ಒಂದು ಲೀಟರ್ ಧಾರಾಳ. ಮೂರು ಲೀಟರ್ ಸುರಿದರೆ ಬಾಳೆ ಎಲೆಯ ಮೇಲೆ ಎಣ್ಣೆಯೇ ತೇಲುತ್ತದೆ.

ನಾನು ಮೊದಲ ಸಲ ಪೆಟ್ಟು ತಿಂದದ್ದು ಬದನೆಕಾಯಿಯಲ್ಲಿ. ಮನೆಯಲ್ಲಿ ಮಾಡುವಂತೆ ಮೆತ್ತಗಾಗುವ ತನಕ ಕುದಿಸಿ ಇಳಿಸಿದೆ. ಮೂರನೆಯ ಪಂಕ್ತಿಯ ಹೊತ್ತಿಗೆ ಸೌಟಿಗೆ ಬರಿಯ ತೊಟ್ಟು ಸಿಕ್ಕಿತು! ದೊಡ್ಡ ಕೊಪ್ಪರಿಗೆ ಒಲೆಯಿಂದ ಇಳಿದ ಮೇಲೂ ತುಂಬ ಹೊತ್ತು ಬಿಸಿ ಹಿಡಿದಿಟ್ಟುಕೊಂಡು ಒಳಗೊಳಗೇ ಬೇಯಿಸುತ್ತಿರುತ್ತದೆ. ಆದ್ದರಿಂದ ಕುಂಬಳ, ಬದನೆಗಳಿಗೆ ಉಗುರು ಒತ್ತಿದರೆ ಸ್ವಲ್ಪ ತಡೆಯುವಂತಿರುವಾಗಲೇ ಬೆಂಕಿ ಎಳೆದುಬಿಡಿ. ನುಗ್ಗೆ, ಕ್ಯಾರೆಟ್‌ನಂಥವು ಮೊದಲು, ಮೆತ್ತಗಿನವು ಕೊನೆಗೆ. ಹುಣಸೆ ರಸವನ್ನು ಗಟ್ಟಿ ತರಕಾರಿ ಬೆಂದ ಮೇಲೆಯೇ ಹಾಕಿ. ಹುಳಿ ಬಿದ್ದರೆ ಅವು ಬೇಗ ಬೇಯುವುದಿಲ್ಲ. ಆಮೇಲೆ ಹಸಿ ವಾಸನೆ ಹೋಗುವಷ್ಟು ಕುದಿಸಿದರೆ ಸಾಕು.

ಬೇಳೆ ಕೂಡಿದ ನಂತರ ಒಬ್ಬರು ಉದ್ದ ಹಿಡಿಯ ಮರದ ಹುಟ್ಟು ಹಿಡಿದು, ತಳವನ್ನು ಮುಟ್ಟಿಸುತ್ತಾ ತಿರುಗಿಸುತ್ತಲೇ ಇರಬೇಕು. ಹುಟ್ಟಿಗೆ ತಳ ಒರಟಾಗಿ ತಗುಲಿದರೆ ಬೇಳೆ ಹಿಡಿಯತೊಡಗಿದೆ ಎಂದರ್ಥ. ಆಗ ಕೆರೆಯಲು ಹೋಗಬೇಡಿ, ಕೆರೆದರೆ ಸೀದ ವಾಸನೆ ಮೇಲಕ್ಕೆ ಬರುತ್ತದೆ. ಬೆಂಕಿ ತೆಗೆದು, ಮೇಲಿನ ಸಾಂಬಾರನ್ನು ಇನ್ನೊಂದು ಪಾತ್ರೆಗೆ ಮೊಗೆದುಕೊಂಡು ತಳವನ್ನು ಹಾಗೆಯೇ ಬಿಟ್ಟುಬಿಡಿ.

ಹೊತ್ತು ಹೋದಂತೆ ಬೇಳೆ ನೀರನ್ನು ಹೀರಿ ದಪ್ಪವಾಗುತ್ತದೆ. ಎರಡನೆಯ ಪಂಕ್ತಿ ಕೂರುವ ಮೊದಲು ಆ ಹಂಡೆಯ ಬಿಸಿನೀರನ್ನು ಹದವಾಗಿ ಬೆರೆಸಿ, ಜೊತೆಗೆ ಉಪ್ಪನ್ನೂ ಇನ್ನೊಮ್ಮೆ ನೋಡಿ. ತಣ್ಣೀರು ಹಾಕಿದರೆ ಮತ್ತೆ ಕುದಿ ಬರಿಸುವ ಹೊತ್ತಿಗೆ ಎಲೆ ಮುಂದೆ ಕುಳಿತವರು ತೊವ್ವೆಯಲ್ಲೇ ಅನ್ನ ಮುಗಿಸಿರುತ್ತಾರೆ.