ಫೋಟೊದಲ್ಲಿದ್ದ ಬಣ್ಣ ಪ್ಯಾಕೆಟ್ ಮೇಲೆ ಬರುವುದು ಹೇಗೆ?

ನಮ್ಮ ಅತ್ತಿಗೆ ಮನೆಯಲ್ಲೇ ಸಾರಿನ ಪುಡಿ ಮಾಡಿ ಮಾರುತ್ತಾರೆ. ಪ್ಯಾಕೆಟ್‌ಗೆ ಬಣ್ಣ ಆರಿಸುವ ಕೆಲಸ ನನಗೆ ಬಂತು. ತಾರಸಿ ಮೇಲೆ ಈಚಲು ಚಾಪೆ ಹಾಸಿ ಬ್ಯಾಡಗಿ ಮೆಣಸಿನಕಾಯಿ ಒಣಗಲು ಹಾಕಿದ್ದರು. ಪಕ್ಕದಲ್ಲಿ ಕರಿಬೇವು, ಅರಿಸಿನದ ಕೊಂಬು. ಬ್ಯಾಡಗಿ ಹೆಸರುವಾಸಿಯಾಗಿರುವುದೇ ಖಾರಕ್ಕಿಂತ ಬಣ್ಣಕ್ಕೆ, ಅಲ್ವಾ? ಬಣ್ಣಗಳನ್ನು ಇಲ್ಲಿಂದಲೇ ತೆಗೆಯೋಣ ಅಂದುಕೊಂಡೆ.

ಮೊದಲು ಫೋಟೊ. ಸಂಜೆ ಬಿಸಿಲಲ್ಲಿ ತೆಗೆದರೆ ಎಲ್ಲದಕ್ಕೂ ಕಿತ್ತಳೆ ಛಾಯೆ ಬರುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ನೆರಳಲ್ಲಿ ತೆಗೆಯಿರಿ, ಫಿಲ್ಟರ್ ಬೇಡ. ಚೌಕಟ್ಟಿನ ಮೂಲೆಯಲ್ಲಿ ಒಂದು ಬಿಳಿ ಹಾಳೆ ಇಡಿ. ಆಮೇಲೆ ಆ ಹಾಳೆ ನೀಲಿಯಾಗಿಯೋ ಹಳದಿಯಾಗಿಯೋ ಕಂಡರೆ, ಅದು ಬಿಳಿಯಾಗುವವರೆಗೆ ವೈಟ್ ಬ್ಯಾಲೆನ್ಸ್ ಸರಿಮಾಡಿ. ನೆರಳಿನ ಫೋಟೊ ಸಾಮಾನ್ಯವಾಗಿ ನೀಲಿಗೆ ತಿರುಗಿರುತ್ತದೆ.

ಇನ್ನು ಬಣ್ಣ ಹೆಕ್ಕುವುದು. ಫೋಟೊದಲ್ಲಿ ಮುಟ್ಟಿದ ಕಡೆಯ ಬಣ್ಣ ಎತ್ತಿಕೊಡುವ ಕಲರ್ ಪಿಕ್ಕರ್‌ನಿಂದ ಒಂದೇ ಚುಕ್ಕೆ ಮುಟ್ಟಿದರೆ ಮೋಸ ಹೋಗುತ್ತೀರಿ. ಬ್ಯಾಡಗಿ ಮೆಣಸಿನಕಾಯಿ ಸುಕ್ಕುಸುಕ್ಕು. ಸುಕ್ಕಿನ ಒಳಗೆ ಮುಟ್ಟಿದರೆ ಕಪ್ಪು, ಹೊಳೆಯುವ ಕಡೆ ಮುಟ್ಟಿದರೆ ಗುಲಾಬಿ. ಅದಕ್ಕೆ ಸುತ್ತಲಿನ ಚುಕ್ಕೆಗಳ ಸರಾಸರಿ ತೆಗೆದುಕೊಳ್ಳುವ ಆಯ್ಕೆ ಹಾಕಿಕೊಳ್ಳಿ. GIMP ಅನ್ನುವ ಉಚಿತ ಫೋಟೊ ತಂತ್ರಾಂಶದಲ್ಲಿ ಅದಕ್ಕೆ Sample average ಅಂತ ಹೆಸರು. ನಮಗೆ ಸಿಕ್ಕಿದ್ದು ನಾಲ್ಕು ಬಣ್ಣ, ಕಂಪ್ಯೂಟರಿನಲ್ಲಿ ಅವನ್ನು ಗುರುತಿಸುವ ಕೋಡ್ ಸಮೇತ: ಮೆಣಸಿನ ಕೆಂಪು #8C1C13, ಕರಿಬೇವಿನ ಹಸಿರು #3F5B2A, ಅರಿಸಿನದ ಹಳದಿ #D99A1C, ಚಾಪೆಯ ತಿಳಿಬಣ್ಣ #E9D8B4. ಇಷ್ಟು ಸಾಕು. ಹೆಚ್ಚು ತೆಗೆದರೆ ಎಲ್ಲವನ್ನೂ ಬಳಸುವ ಚಪಲ ಬರುತ್ತದೆ.

ನಾನು ಎಡವಿದ್ದು ಇಲ್ಲಿಂದ ಮುಂದೆ. ಕೆಂಪು ಲೇಬಲ್ ಮೇಲೆ ಹಸಿರು ಅಕ್ಷರ ಹಾಕಿ ಇನ್ನೂರು ಲೇಬಲ್ ಪ್ರಿಂಟ್ ಮಾಡಿಸಿಬಿಟ್ಟೆ. ಫೋಟೊದಲ್ಲಿ ಮೆಣಸಿನಕಾಯಿ ಪಕ್ಕ ಕರಿಬೇವು ಎಷ್ಟು ಚಂದ ಎದ್ದು ಕಾಣುತ್ತಿತ್ತು! ಲೇಬಲ್ ಕೈಗೆ ತೆಗೆದುಕೊಂಡ ಅತ್ತಿಗೆ, ‘ಏನಪ್ಪಾ, ಹೆಸರೇ ಹಾಕಿಲ್ವಾ?’ ಅಂದರು.

ಆಗಿದ್ದಿಷ್ಟೇ. ಎರಡೂ ಬೇರೆ ಬೇರೆ ಬಣ್ಣ, ಆದರೆ ಎರಡೂ ಹೆಚ್ಚುಕಡಿಮೆ ಒಂದೇ ಸಮ ಗಾಢ. ಅಕ್ಷರ ಓದಲು ಕಣ್ಣಿಗೆ ಮುಖ್ಯವಾಗಿ ಬೇಕಾದ್ದು ತಿಳಿ–ಗಾಢದ ಅಂತರ. ಇದನ್ನು ಕಾಂಟ್ರಾಸ್ಟ್ ಅನುಪಾತ ಅಂತ ಅಳೆಯುತ್ತಾರೆ. ಎರಡು ಬಣ್ಣದ ಕೋಡ್ ಹಾಕಿದರೆ ಲೆಕ್ಕ ಕೊಡುವ ಉಚಿತ ತಾಣಗಳಿವೆ. ಒಂದೇ ಬಣ್ಣವಾದರೆ 1, ಕಪ್ಪು ಬಿಳಿಗಾದರೆ 21. ವೆಬ್ ಪುಟಗಳಿಗಾಗಿ ಮಾಡಿದ WCAG ನಿಯಮದ ಪ್ರಕಾರ ಸಣ್ಣ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3 ಇರಬೇಕು. ನಮ್ಮ ಕೆಂಪು–ಹಸಿರು ಜೋಡಿಗೆ ಬಂದದ್ದು ಬರೀ 1.2! ಚಾಪೆಯ ಬಣ್ಣವನ್ನು ಅದೇ ಕೆಂಪಿನ ಮೇಲೆ ಹಾಕಿದರೆ 6.5. ಲೆಕ್ಕ ಬೇಡವೆಂದರೆ ಲೇಬಲ್ಲಿನ ಚಿತ್ರವನ್ನು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಅಕ್ಷರ ಮಾಯವಾದರೆ ಆ ಜೋಡಿ ಬಿಡಿ.

ಈಗ ಈ ನಾಲ್ಕು ಬಣ್ಣಗಳ ಪ್ಯಾಲೆಟ್ ಅನ್ನು ಬೇರೆ ಬೇರೆ ಹಿನ್ನೆಲೆಗಳ ಮೇಲೆ ಇಟ್ಟು ನೋಡಬೇಕು. ಬಿಲ್ಲಿನ ಬಿಳಿ ಕಾಗದದ ಮೇಲೆ ಕೆಂಪಿಗೆ 9 ದಾಟಿತು, ಚಿಂತೆಯಿಲ್ಲ. ಹಳದಿ ಮಾತ್ರ 2.4ಕ್ಕೆ ನಿಂತಿತು. ಹಾಗಾಗಿ ಹಳದಿಯಲ್ಲಿ ಅಕ್ಷರ ಬರೆಯುವುದೇ ಬೇಡ, ಪಟ್ಟಿಗೋ ಚುಕ್ಕೆಗೋ ಇರಲಿ ಅಂದೆವು. ಫೋನಿನ ಕಪ್ಪು ಪರದೆಯಲ್ಲಿ ಕೆಂಪು 2.3ಕ್ಕೆ ಇಳಿದು ಮುಳುಗಿಯೇ ಹೋಯಿತು. ಅಲ್ಲಿಗೆ ಚಾಪೆಯ ಬಣ್ಣದ ಲೋಗೊ.

ಹೆಚ್ಚು ಕಾಡಿದ್ದು ಕಂದು ಕ್ರಾಫ್ಟ್ ಪೇಪರ್ ಚೀಲ. ಪರದೆಯ ಲೆಕ್ಕದಲ್ಲೇ ಅದರ ಮೇಲೆ ಕೆಂಪಿಗೆ 3ಕ್ಕೂ ಸ್ವಲ್ಪ ಕಡಿಮೆ ಬಂತು. ಕಾಗದದ ಮೇಲೆ ಇನ್ನೂ ಕಷ್ಟ, ಯಾಕೆಂದರೆ ಪ್ರಿಂಟಿನ ಶಾಯಿ ಸಾಮಾನ್ಯವಾಗಿ ಪಾರದರ್ಶಕ. ಕೆಳಗಿನ ಕಂದು ಬಣ್ಣ ಇಣುಕಿ ಎಲ್ಲವೂ ಮಸುಕಾಗುತ್ತದೆ. ಕೆಳಗೆ ಬಿಳಿ ಶಾಯಿ ಹಾಕಿಸಬಹುದು, ಆದರೆ ಖರ್ಚು ಜಾಸ್ತಿ. ನಾವು ಕೆಂಪನ್ನೇ ಇನ್ನಷ್ಟು ಗಾಢ ಮಾಡಿ #520C08 ಮಾಡಿದೆವು. ಅನುಪಾತ 4.8ರ ಹತ್ತಿರ ಬಂತು. ಅದು ಚೀಲಕ್ಕೆ ಮಾತ್ರ.

ಫೋಟೊದ ಮೇಲೇ ಹೆಸರು ಬರೆಯುವುದಾದರೆ ಯಾವ ಬಣ್ಣವೂ ಕೈಕೊಡಬಹುದು. ಮೆಣಸಿನಕಾಯಿ ಮೇಲೆ ಓದಲು ಬರುವ ಅಕ್ಷರ ಚಾಪೆಯ ಮೇಲೆ ಕಳೆದುಹೋಗುತ್ತದೆ. ಹಿಂದೆ ಒಂದೇ ಬಣ್ಣದ ಪಟ್ಟಿ ಹಾಕಿ.

ಕೊನೆಗೆ ಒಂದೇ ಒಂದು ಪ್ರತಿ ನಿಜವಾದ ಚೀಲದ ಮೇಲೆ, ನಿಜವಾದ ಅಳತೆಯಲ್ಲಿ ಪ್ರಿಂಟ್ ಮಾಡಿಸಿ. ಒತ್ತಕ್ಷರ ಇರುವ ಪದಗಳನ್ನೇ ನೋಡಿ. ಕಾಂಟ್ರಾಸ್ಟ್ ಕಡಿಮೆಯಾದರೆ ಕನ್ನಡದಲ್ಲಿ ಮೊದಲು ಕಾಣೆಯಾಗುವುದು ಒತ್ತುಗಳೇ. ಅತ್ತಿಗೆ ಆ ಚೀಲವನ್ನು ಅಡುಗೆಮನೆಯ ಶೆಲ್ಫಿನಲ್ಲಿಟ್ಟು, ಟ್ಯೂಬ್‌ಲೈಟ್ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದರು. ‘ಬ್ಯಾಡಗಿ ಅಂತ ಕಾಣ್ತಿದೆ, ಮಾಡ್ಸು’ ಅಂದರು.